ದುರಾಸೆಯೋ, ಅನ್ಯಾಯದ ಸಿಟ್ಟೋ: ಅಂತರ್ಯುದ್ಧದ ಬೇರು ಎಲ್ಲಿದೆ?

(ಬೆಳಗಾವಿಯಲ್ಲಿ ನಡೆದ ರಾಜ್ಯಶಾಸ್ತ್ರ ಸ್ನಾತಕೋತ್ತರ ವಿದ್ಯಾರ್ಥಿಗಳ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧ)

ಜನ ಬಂದೂಕು ಹಿಡಿಯುವುದು ಅನ್ಯಾಯಕ್ಕೆ ರೋಸಿಹೋಗಿಯೋ, ಇಲ್ಲ ಅದರಲ್ಲಿ ದುಡ್ಡಿದೆ ಅಂತಲೋ? ಅರ್ಥಶಾಸ್ತ್ರಜ್ಞರಾದ ಪಾಲ್ ಕಾಲಿಯರ್ ಮತ್ತು ಆಂಕೆ ಹಾಫ್ಲರ್ 2004ರ ಲೇಖನದಲ್ಲಿ ಎರಡನೆಯದರ ಕಡೆ ವಾಲಿದರು. 1960ರಿಂದ 1999ರವರೆಗಿನ ಅಂಕಿಅಂಶ ಇಟ್ಟುಕೊಂಡು ಅವರು ವಾದಿಸಿದ್ದು ಇಷ್ಟು: ಅಸಮಾಧಾನ ಎಲ್ಲ ಕಡೆ ಇರುತ್ತದೆ. ದಂಗೆಗೆ ಬೇಕಾದ ಹಣ, ಕಡಿಮೆ ಖರ್ಚಿಗೆ ಸಿಗುವ ಹುಡುಗರು ಎಲ್ಲ ಕಡೆ ಇರುವುದಿಲ್ಲ.

ಇದರಲ್ಲಿ ಅರ್ಧ ಮಾತನ್ನು ಬೆಳಗಾವಿಯವರು ಒಪ್ಪಲೇಬೇಕು. ಇಲ್ಲಿಯ ಗಡಿ ವಿವಾದದ ಬಗ್ಗೆ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಬೋರ್ಡಿಗೆ ಮಸಿ ಬಳಿದದ್ದು, ಬಸ್ಸಿಗೆ ಕಲ್ಲು ಬಿದ್ದದ್ದು ನಾವೆಲ್ಲ ನೋಡಿದ್ದೇವೆ. ಸಿಟ್ಟು ಕಡಿಮೆ ಇರಲಿಲ್ಲ. ಆದರೂ ಯುದ್ಧ ಆಗಲಿಲ್ಲ. ದಂಗೆಗೆ ಹಣ ಒದಗಿಸುವ ವಜ್ರದ ಗಣಿ ಇಲ್ಲಿ ಇಲ್ಲ ಅಂತಲೇ? ನನಗೆ ಹಾಗನ್ನಿಸುವುದಿಲ್ಲ. ಗಡಿಯ ಬಗ್ಗೆ ತಕರಾರಿದ್ದವರೂ ಇಲ್ಲಿ ಚುನಾವಣೆಗೆ ನಿಂತರು, ಗೆದ್ದು ವಿಧಾನಸಭೆಗೆ ಹೋದರು, ಪಾಲಿಕೆಯಲ್ಲಿ ಕೂತರು. ಬಾಗಿಲು ಮುಚ್ಚಿರಲಿಲ್ಲ.

ಕಾಲಿಯರ್ ಲೆಕ್ಕದ ಕೊರತೆ ಇರುವುದೇ ಇಲ್ಲಿ. ಒಂದು ದೇಶದಲ್ಲಿ ಎಷ್ಟು ಜನಾಂಗಗಳಿವೆ ಎಂದು ಅವರು ಅಳೆದರು. ಯಾವ ಜನಾಂಗವನ್ನು ಅಧಿಕಾರದಿಂದ ಹೊರಗಿಟ್ಟಿದ್ದಾರೆ ಎಂದು ಆ ಅಳತೆ ಹೇಳುವುದಿಲ್ಲ. ಸೆಡರ್‌ಮನ್, ವಿಮ್ಮರ್ ಮತ್ತು ಮಿನ್ 2010ರಲ್ಲಿ ಅದನ್ನೇ ಲೆಕ್ಕ ಹಾಕಿದರು. ಹೊರಗಿಟ್ಟ ಗುಂಪುಗಳೇ, ಅದರಲ್ಲೂ ಇದ್ದ ಅಧಿಕಾರ ಈಚೆಗೆ ಕಳೆದುಕೊಂಡವೇ ಜಾಸ್ತಿ ದಂಗೆ ಏಳುತ್ತವೆ ಎಂದು ಕಂಡುಬಂತು. ಶಾಲೆಯ ಲೆಕ್ಕವೂ ಅಷ್ಟೇ. ಹೈಸ್ಕೂಲು ಸೇರಿದ ಗಂಡುಹುಡುಗರು ಕಡಿಮೆ ಇದ್ದರೆ ದಂಗೆಗೆ ಆಳು ಸುಲಭವಾಗಿ ಸಿಗುತ್ತಾರೆ ಎಂದು ಕಾಲಿಯರ್ ಓದಿದರು. ಶಾಲೆಯೇ ಸಿಗದವನ ಸಿಟ್ಟು ಅಂತಲೂ ಅದೇ ಅಂಕಿಯನ್ನು ಓದಬಹುದು, ಅಲ್ವಾ?

ಸಿಯೆರಾ ಲಿಯೋನ್‌ನ ವಜ್ರವನ್ನು ದುರಾಸೆಯ ಪಕ್ಷದವರು ಬಿಡದೆ ತೋರಿಸುತ್ತಾರೆ. ವಜ್ರದ ಹಣ ಆ ಯುದ್ಧವನ್ನು ಎಳೆದದ್ದು ನಿಜ. ಆದರೆ 1991ರಲ್ಲಿ ಯುದ್ಧ ಶುರುವಾಗುವ ಮುಂಚೆ ವರ್ಷಗಟ್ಟಲೆ ಏಕಪಕ್ಷದ ಆಳ್ವಿಕೆ ಇತ್ತು. ಹಳ್ಳಿಯ ಹುಡುಗರಿಗೆ ಭೂಮಿಯೂ ಇಲ್ಲ, ಮಾತೂ ಇಲ್ಲ. ಅದನ್ನು ಬಿಟ್ಟು ಬರೀ ವಜ್ರ ನೋಡಿದರೆ ಕತೆ ಪೂರ್ತಿಯಾಗುವುದಿಲ್ಲ.

ನನ್ನ ವಾದಕ್ಕೆ ಗಟ್ಟಿ ಆಧಾರ ಶ್ರೀಲಂಕಾ. 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆಯಾಯಿತು. 1970ರ ದಶಕದ ಆರಂಭದಲ್ಲಿ ವಿಶ್ವವಿದ್ಯಾಲಯದ ಪ್ರವೇಶಕ್ಕೆ ತಮಿಳು ಮಾಧ್ಯಮದವರು ಜಾಸ್ತಿ ಅಂಕ ತರಬೇಕಾಯಿತು. ಡಾಕ್ಟರಾಗಬೇಕೆಂದು ರಾತ್ರಿಯೆಲ್ಲ ಓದಿದ ಜಾಫ್ನಾದ ಹುಡುಗ ಸೀಟು ತಪ್ಪಿ ಮನೆಗೆ ಬಂದ. ಅವನು ಬಡತನಕ್ಕೆ ಬಾಡಿಗೆಗೆ ಸಿಕ್ಕ ಆಳಲ್ಲ. 1981ರಲ್ಲಿ ಜಾಫ್ನಾ ಗ್ರಂಥಾಲಯ ಸುಟ್ಟುಹೋಯಿತು, 1983ರ ಜುಲೈನಲ್ಲಿ ತಮಿಳರ ಹತ್ಯಾಕಾಂಡ ನಡೆಯಿತು. ಹೊರದೇಶದ ತಮಿಳರಿಂದ ದೊಡ್ಡ ಮೊತ್ತ ಹರಿದು ಬಂದದ್ದು ಆಮೇಲೆ. ಹೊರದೇಶಕ್ಕೆ ಹೋದವರಲ್ಲೇ ಬಹಳಷ್ಟು ಜನ ಆ ಹಿಂಸೆಗೆ ಹೆದರಿ ಊರು ಬಿಟ್ಟವರು.

ಯಾರು ಯಾರ ಮೇಲೆ ಏಳುತ್ತಾರೆ ಎಂಬುದನ್ನು ಅನ್ಯಾಯ ಹೇಳುತ್ತದೆ, ಎಷ್ಟು ದಿನ ಕಾದಾಡುತ್ತಾರೆ ಎಂಬುದನ್ನು ಹಣ. 2009ರ ಮೇ ತಿಂಗಳಲ್ಲಿ ಎಲ್‌ಟಿಟಿಇ ಸೋತಿತು, ಯುದ್ಧ ನಿಂತಿತು. ಪ್ರಾಂತ್ಯಗಳಿಗೆ ಅಧಿಕಾರ ಕೊಡಲು 1987ರಲ್ಲಿ ಸಂವಿಧಾನಕ್ಕೆ 13ನೇ ತಿದ್ದುಪಡಿ ತಂದಿದ್ದರು. ಅದರಲ್ಲಿ ಬರೆದ ಪೊಲೀಸ್ ಅಧಿಕಾರ ಯುದ್ಧ ಮುಗಿದ ಮೇಲೂ ತಮಿಳರ ಉತ್ತರ ಪ್ರಾಂತ್ಯದ ಕೈಗೆ ಬರಲಿಲ್ಲ.