ನಸುಕಿನ ಹೊಟ್ಟೆನೋವಿನಿಂದ ಪೂರ್ಣ ಪಾರ್ಶ್ವವಾಯುವಿನವರೆಗೆ: ಕಡಿತದ ಅರಿವೇ ಇಲ್ಲದ ಕಟ್ಟುಹಾವಿನ ವಿಷಬಾಧೆಯ ಒಂದು ಪ್ರಕರಣ ವರದಿ

ಸಾರಾಂಶ

ನೆಲದ ಮೇಲೆ ಮಲಗಿದ್ದ ಮಹಿಳೆಯೊಬ್ಬರು ನಸುಕಿನಲ್ಲಿ ಹೊಟ್ಟೆನೋವಿನಿಂದ ಎಚ್ಚರಗೊಂಡರು. ಕೆಲವೇ ಗಂಟೆಗಳಲ್ಲಿ ಅವರ ಕಣ್ಣಿನ ರೆಪ್ಪೆಗಳು ಜೋತುಬಿದ್ದು, ನುಂಗಲಾಗದೆ, ಉಸಿರಾಟ ಸೋತಿತು. ಹಾವು ಕಚ್ಚಿದ್ದನ್ನು ಅವರಾಗಲಿ ಮನೆಯವರಾಗಲಿ ಕಂಡಿರಲಿಲ್ಲ. ಪ್ರತಿವಿಷ ಮತ್ತು ವೆಂಟಿಲೇಟರ್ ಚಿಕಿತ್ಸೆ ಆರಂಭವಾದ ಮೇಲೂ ಪಾರ್ಶ್ವವಾಯು ಹೆಚ್ಚುತ್ತ ಹೋಗಿ, ಎರಡನೆಯ ದಿನ ಪಾಪೆಗಳು ಹಿಗ್ಗಿ ಬೆಳಕಿಗೆ ಸ್ಪಂದಿಸದಾದವು. ಮೇಲ್ನೋಟಕ್ಕೆ ಮಿದುಳು ನಿಷ್ಕ್ರಿಯವಾದಂತೆ ಕಂಡರೂ ಮಿದುಳಿನ ವಿದ್ಯುತ್ ಚಟುವಟಿಕೆ ಸಹಜವಾಗಿತ್ತು. ರೋಗಿ ಪೂರ್ಣವಾಗಿ ಗುಣಮುಖರಾದರು.

ಪೀಠಿಕೆ

ಹಾವಿನ ಕಡಿತವನ್ನು ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಕರ್ನಾಟಕದಲ್ಲಿ 2024ರಿಂದ ಇದು ಕಡ್ಡಾಯವಾಗಿ ವರದಿ ಮಾಡಬೇಕಾದ ಸಮಸ್ಯೆ. ಆದರೆ ವರದಿ ಮಾಡಬೇಕಾದರೆ ಮೊದಲು ಗುರುತಿಸಬೇಕು. ಕಟ್ಟುಹಾವಿನ ವಿಷಯದಲ್ಲಿ ತೊಡಕಿರುವುದು ಅಲ್ಲಿಯೇ. ಕೊಳಕುಮಂಡಲ ಕಚ್ಚಿದರೆ ಊತ, ನೋವು, ರಕ್ತಸ್ರಾವ ಎದ್ದು ಕಾಣುತ್ತವೆ. ನಾಗರಹಾವು ಕಚ್ಚಿದಲ್ಲಿ ಸಾಮಾನ್ಯವಾಗಿ ನೋವೂ ಬಾವೂ ಇರುತ್ತವೆ. ಕಟ್ಟುಹಾವು ಇರುಳಿನಲ್ಲಿ ಸಂಚರಿಸುತ್ತದೆ, ಮಲಗಿದ್ದವರನ್ನು ಕಚ್ಚುತ್ತದೆ, ಅದರ ಹಲ್ಲುಗಳು ಸಣ್ಣವು. ಎಷ್ಟೋ ಸಲ ಗಾಯವೂ ಕಾಣದು, ನೋವೂ ತಿಳಿಯದು.

ಪ್ರಕರಣದ ವಿವರ

ರೋಗಿ ಮೂವತ್ತರ ಹರೆಯದ, ಹಿಂದೆ ಯಾವ ಕಾಯಿಲೆಯೂ ಇರದ, ಕೃಷಿ ಕೂಲಿ ಕೆಲಸ ಮಾಡುವ ಮಹಿಳೆ. ಮಳೆಗಾಲದ ಒಂದು ರಾತ್ರಿ ಊಟ ಮುಗಿಸಿ ನಡುಮನೆಯಲ್ಲಿ ಚಾಪೆ ಹಾಸಿ ಮಕ್ಕಳೊಂದಿಗೆ ಮಲಗಿದ್ದರು. ನಸುಕಿನ ಸುಮಾರು ಮೂರು ಗಂಟೆಗೆ ಹೊಕ್ಕುಳಿನ ಸುತ್ತ ಹಿಂಡಿದಂತಹ ನೋವಿನಿಂದ ಎದ್ದು ಎರಡು ಬಾರಿ ವಾಂತಿ ಮಾಡಿಕೊಂಡರು. ಹಿಂದಿನ ರಾತ್ರಿಯ ಸಾರು ಕೆಟ್ಟಿರಬೇಕೆಂದು ಮನೆಯವರು ಭಾವಿಸಿದರು. ಅದೇ ಸಾರು ಉಂಡ ಉಳಿದವರು ಆರೋಗ್ಯವಾಗಿಯೇ ಇದ್ದರು. ಐದೂವರೆಗೆ ಹತ್ತಿರದ ಚಿಕಿತ್ಸಾಲಯದಲ್ಲಿ ಆಮ್ಲಪಿತ್ತಕ್ಕೆ ಚುಚ್ಚುಮದ್ದು ಕೊಟ್ಟು ಕಳುಹಿಸಲಾಯಿತು. ಏಳರ ಹೊತ್ತಿಗೆ ಕಣ್ಣು ಬಿಡಲಾಗುತ್ತಿಲ್ಲ ಎಂದರು. ಕುಡಿದ ನೀರು ಮೂಗಿನಿಂದ ಹೊರಬಂತು, ಮಾತು ತೊದಲಿತು. ತಾಲ್ಲೂಕು ಆಸ್ಪತ್ರೆಯ ವೈದ್ಯರು ಪಾರ್ಶ್ವವಾಯುವನ್ನು ಗುರುತಿಸಿ, ಆಮ್ಲಜನಕ ಕೊಟ್ಟು, ತಡಮಾಡದೆ ನಮ್ಮಲ್ಲಿಗೆ ಕಳುಹಿಸಿದರು.

ಹತ್ತು ಗಂಟೆಗೆ ನಮ್ಮ ತುರ್ತು ಘಟಕಕ್ಕೆ ಬಂದಾಗ ಅವರಿಗೆ ಪೂರ್ಣ ಎಚ್ಚರವಿತ್ತು. ಕೇಳಿದ್ದಕ್ಕೆ ಬೆರಳೆತ್ತಿ ಉತ್ತರಿಸುತ್ತಿದ್ದರು. ನಾಡಿ ನಿಮಿಷಕ್ಕೆ 118, ರಕ್ತದೊತ್ತಡ 160/100, ಉಸಿರಾಟ ನಿಮಿಷಕ್ಕೆ 26 ಮತ್ತು ಮೇಲುಮೇಲಿನದು, ಆಮ್ಲಜನಕ ಪ್ರಮಾಣ ಹೊರಗಿನ ಗಾಳಿಯಲ್ಲಿ 91 ಶೇಕಡಾ. ಒಂದೇ ಉಸಿರಿನಲ್ಲಿ ಎಂಟರವರೆಗೆ ಮಾತ್ರ ಎಣಿಸಲು ಸಾಧ್ಯವಾಯಿತು. ಎರಡೂ ರೆಪ್ಪೆಗಳು ಪೂರ್ತಿ ಜೋತುಬಿದ್ದಿದ್ದವು; ಬೆರಳಿನಿಂದ ಎತ್ತಿ ನೋಡಿದರೆ ಕಣ್ಣುಗುಡ್ಡೆಗಳು ಯಾವ ದಿಕ್ಕಿಗೂ ಹೊರಳುತ್ತಿರಲಿಲ್ಲ. ಪಾಪೆಗಳು 4 ಮಿಲಿಮೀಟರ್ ಇದ್ದು ಬೆಳಕಿಗೆ ನಿಧಾನವಾಗಿ ಸ್ಪಂದಿಸುತ್ತಿದ್ದವು. ದಿಂಬಿನಿಂದ ತಲೆ ಎತ್ತಲಾಗುತ್ತಿರಲಿಲ್ಲ. ಕೈಕಾಲುಗಳ ಬಲ ಐದರಲ್ಲಿ ನಾಲ್ಕು. ಸ್ಪರ್ಶಜ್ಞಾನ ಸಹಜ. ಹೊಟ್ಟೆ ಮೆತ್ತಗಿತ್ತು, ಒತ್ತಿದರೆ ನೋವಿರಲಿಲ್ಲ.

ಮೈಮೇಲೆ ಊತ, ಬಾವು, ರಕ್ತಸ್ರಾವ ಯಾವುದೂ ಇರಲಿಲ್ಲ. ರಕ್ತನಾಳಕ್ಕೆ ಸೂಜಿ ಹಾಕಲು ಶುಶ್ರೂಷಕಿ ಎಡಗೈಯ ಗಾಜಿನ ಬಳೆಗಳನ್ನು ಮೇಲೆ ಸರಿಸಿದಾಗ, ಮಣಿಕಟ್ಟಿನ ಒಳಭಾಗದಲ್ಲಿ ಸುಮಾರು 8 ಮಿಲಿಮೀಟರ್ ಅಂತರದಲ್ಲಿ ಎರಡು ಚುಕ್ಕೆಗಳು ಕಂಡವು. ಸೂಜಿಮೊನೆಯಷ್ಟೇ ಗಾತ್ರ, ಸುತ್ತ ಕೆಂಪು ಕೂಡ ಇರಲಿಲ್ಲ. ಅವು ಕಾಣದೆ ಹೋಗಿದ್ದರೂ ನಮ್ಮ ನಿರ್ಧಾರ ಬೇರೆಯಾಗುತ್ತಿರಲಿಲ್ಲ: ನೆಲದ ಮೇಲಿನ ನಿದ್ದೆ, ನಸುಕಿನ ಹೊಟ್ಟೆನೋವು, ಮೇಲಿನಿಂದ ಕೆಳಕ್ಕೆ ಇಳಿಯುತ್ತಿರುವ ಪಾರ್ಶ್ವವಾಯು, ಕೆಡದ ಎಚ್ಚರ, ಇಷ್ಟರಿಂದಲೇ ಪ್ರತಿವಿಷ ಆರಂಭಿಸಲು ತೀರ್ಮಾನಿಸಲಾಗಿತ್ತು.

ತಪಾಸಣೆಗಳು

ಹಾಸಿಗೆಯ ಬಳಿಯೇ ಮಾಡಿದ 20 ನಿಮಿಷಗಳ ರಕ್ತ ಹೆಪ್ಪುಗಟ್ಟುವಿಕೆ ಪರೀಕ್ಷೆಯಲ್ಲಿ ರಕ್ತ ಸರಿಯಾಗಿ ಹೆಪ್ಪುಗಟ್ಟಿತು. ಇದು ಮಂಡಲದ ಹಾವುಗಳ ಸಾಧ್ಯತೆಯನ್ನು ದೂರಮಾಡಿತು. ಅಪಧಮನಿ ರಕ್ತದಲ್ಲಿ ಪಿಎಚ್ 7.27, ಇಂಗಾಲದ ಡೈಆಕ್ಸೈಡ್ ಒತ್ತಡ 58, ಆಮ್ಲಜನಕದ ಒತ್ತಡ 62 (ಪಾದರಸದ ಮಿಲಿಮೀಟರ್‌ಗಳಲ್ಲಿ). ಉಸಿರಾಟದ ಸ್ನಾಯುಗಳು ಸೋಲುತ್ತಿರುವುದಕ್ಕೆ ಬೇರೆ ಪುರಾವೆ ಬೇಕಿರಲಿಲ್ಲ. ಪೊಟ್ಯಾಸಿಯಂ ಲೀಟರಿಗೆ 2.9 ಮಿಲಿಮೋಲ್, ಸೋಡಿಯಂ 133. ಬಿಳಿ ರಕ್ತಕಣಗಳು 14,200. ಮೂತ್ರಪಿಂಡ, ಯಕೃತ್ತಿನ ಪರೀಕ್ಷೆಗಳು, ಅಮೈಲೇಸ್, ಲೈಪೇಸ್ ಮತ್ತು ಹೊಟ್ಟೆಯ ಅಲ್ಟ್ರಾಸೌಂಡ್ ಸಹಜ. ಇಸಿಜಿಯಲ್ಲಿ ವೇಗದ ಬಡಿತ ಬಿಟ್ಟರೆ ಬೇರೇನಿಲ್ಲ.

ಪೊಟ್ಯಾಸಿಯಂ ಕೊರತೆಯೇ ಪಾರ್ಶ್ವವಾಯುವಿಗೆ ಕಾರಣವೇ ಎಂಬ ಪ್ರಶ್ನೆ ಎದ್ದಿತು. ಆ ಕಾಯಿಲೆಯಲ್ಲಿ ಸೋಲುವುದು ಮುಖ್ಯವಾಗಿ ಕೈಕಾಲು. ರೆಪ್ಪೆ ಮತ್ತು ಕಣ್ಣಿನ ಚಲನೆ ಮೊದಲು ನಿಲ್ಲುವುದಿಲ್ಲ. ಕಟ್ಟುಹಾವಿನ ವಿಷಬಾಧೆಯಲ್ಲಿಯೇ ಪೊಟ್ಯಾಸಿಯಂ ಇಳಿಯುವುದುಂಟು. ಕೀಟನಾಶಕ ಸೇವನೆಯಾಗಿದ್ದರೆ ಪಾಪೆ ಕಿರಿದಾಗಿ, ಜೊಲ್ಲು, ಬೆವರು ಹೆಚ್ಚಿರಬೇಕಿತ್ತು. ಗಿಲಾನ್-ಬಾರೆ ಸಿಂಡ್ರೋಮ್ ಇಷ್ಟು ಗಂಟೆಗಳಲ್ಲಿ ಇಲ್ಲಿಗೆ ಮುಟ್ಟುವುದು ಅಪರೂಪ. ಬೊಟುಲಿಸಂ ಲಕ್ಷಣಗಳಲ್ಲಿ ಹತ್ತಿರದ್ದಾದರೂ, ಒಟ್ಟಿಗೆ ಉಂಡ ಬೇರೆ ಯಾರಿಗೂ ತೊಂದರೆಯಾಗಿರಲಿಲ್ಲ, ಡಬ್ಬಿಯಲ್ಲಿಟ್ಟ ಆಹಾರವನ್ನೂ ತಿಂದಿರಲಿಲ್ಲ.

ಚಿಕಿತ್ಸೆ

ಪ್ರಯೋಗಾಲಯದ ವರದಿಗಳಿಗೆ ಕಾಯದೆ ಬಹುಹಾವು ಪ್ರತಿವಿಷದ 10 ಬಾಟಲಿಗಳನ್ನು ಲವಣಯುಕ್ತ ದ್ರಾವಣದಲ್ಲಿ ಬೆರೆಸಿ ರಕ್ತನಾಳಕ್ಕೆ ಕೊಡಲಾರಂಭಿಸಿದೆವು. ಇಪ್ಪತ್ತು ನಿಮಿಷಗಳಲ್ಲಿ ಎದೆ, ಕುತ್ತಿಗೆಯ ಮೇಲೆ ದದ್ದುಗಳೆದ್ದವು. ಔಷಧ ನಿಲ್ಲಿಸಿ, ತೊಡೆಯ ಸ್ನಾಯುವಿಗೆ 0.5 ಮಿಲಿಗ್ರಾಂ ಅಡ್ರಿನಲಿನ್ ಕೊಟ್ಟು, ದದ್ದು ಇಳಿದ ಮೇಲೆ ನಿಧಾನವಾಗಿ ಮುಂದುವರಿಸಲಾಯಿತು. ಹನ್ನೊಂದರ ಹೊತ್ತಿಗೆ ಒಂದೇ ಉಸಿರಿನ ಎಣಿಕೆ ನಾಲ್ಕಕ್ಕಿಳಿದಾಗ ಶ್ವಾಸನಾಳಕ್ಕೆ ನಳಿಕೆ ಹಾಕಿ ವೆಂಟಿಲೇಟರ್‌ಗೆ ಜೋಡಿಸಿದೆವು. ಅಟ್ರೊಪಿನ್ ಜೊತೆ ನಿಯೋಸ್ಟಿಗ್ಮಿನ್ ಪ್ರಯೋಗ ಮಾಡಿದೆವು. ಒಂದು ಗಂಟೆಯ ನಂತರವೂ ರೆಪ್ಪೆ ಏಳದ ಕಾರಣ ನಿಲ್ಲಿಸಿದೆವು. ಪಾರ್ಶ್ವವಾಯು ಹೆಚ್ಚುತ್ತಿದ್ದುದರಿಂದ ಇನ್ನೂ 10 ಬಾಟಲಿ ಪ್ರತಿವಿಷ ಕೊಡಲಾಯಿತು. ಅಲ್ಲಿಗೆ ನಿಲ್ಲಿಸಿದ್ದು ಉದ್ದೇಶಪೂರ್ವಕ. ಪೊಟ್ಯಾಸಿಯಂ ಕೊರತೆಯನ್ನು ನಿಧಾನವಾಗಿ ಸರಿಪಡಿಸಲಾಯಿತು.

ಎರಡನೆಯ ದಿನ ಬೆಳಿಗ್ಗೆ ರೋಗಿಯಲ್ಲಿ ಯಾವ ಚಲನೆಯೂ ಉಳಿದಿರಲಿಲ್ಲ. ಪಾಪೆಗಳು 6 ಮಿಲಿಮೀಟರ್‌ಗೆ ಹಿಗ್ಗಿ ಬೆಳಕಿಗೆ ಸ್ಪಂದಿಸಲಿಲ್ಲ. ಕಣ್ಣಿನ ಕರಿಗುಡ್ಡೆ ಮುಟ್ಟಿದರೆ ರೆಪ್ಪೆ ಮಿಟುಕಲಿಲ್ಲ, ತಲೆ ಹೊರಳಿಸಿದರೆ ಕಣ್ಣು ಹೊರಳಲಿಲ್ಲ, ನೋವಿಗೆ ಕೈಕಾಲು ಅಲುಗಲಿಲ್ಲ. ಹಿಂದಿನ ದಿನದ ಅಟ್ರೊಪಿನ್‌ನಿಂದ ಇದಿಷ್ಟೂ ಆಗುವಂತಿರಲಿಲ್ಲ. “ಇನ್ನು ಜೀವ ಇದೆಯಾ ಡಾಕ್ಟ್ರೇ, ಸುಮ್ಮನೆ ಉಸಿರು ತುಂಬುತ್ತಿದ್ದೀರಾ?” ಎಂದು ಗಂಡ ಕೇಳಿದರು. ಊರಿಗೆ ಕರೆದೊಯ್ಯುವ ಮಾತು ಬಂಧುಗಳಲ್ಲಿ ಆಗಲೇ ಎದ್ದಿತ್ತು.

ಮಿದುಳಿನ ಸಿಟಿ ಸ್ಕ್ಯಾನ್ ಸಹಜವಾಗಿತ್ತು. ಇಇಜಿಯಲ್ಲಿ ಎಚ್ಚರವಿರುವವರಲ್ಲಿ ಕಾಣುವ ಆಲ್ಫಾ ಲಯವಿತ್ತು; ಹೆಸರು ಹಿಡಿದು ಜೋರಾಗಿ ಕರೆದಾಗ ಅದು ಬದಲಾಯಿತು. ಕಫ ಹೀರುವಾಗ ನಾಡಿ 96ರಿಂದ 130ಕ್ಕೆ ಏರುತ್ತಿತ್ತು. ಒಳಗೆ ಅವರು ಎಚ್ಚರವಾಗಿಯೇ ಇದ್ದಾರೆ, ದೇಹ ಮಾತ್ರ ಬೀಗ ಹಾಕಿದಂತಾಗಿದೆ ಎಂದು ಇಇಜಿಯ ಹಾಳೆ ತೋರಿಸಿಯೇ ಮನೆಯವರಿಗೆ ವಿವರಿಸಿದೆವು. ನೋವುನಿವಾರಕ ಮತ್ತು ಲಘು ಶಾಮಕ ಔಷಧಗಳನ್ನು ಆರಂಭಿಸಲಾಯಿತು. ಕಣ್ಣು ಒಣಗದಂತೆ ಮುಲಾಮು ಹಾಕಿ ರೆಪ್ಪೆ ಮುಚ್ಚಿಡಲಾಯಿತು. ಪ್ರತಿ ಪಾಳಿಯ ಸಿಬ್ಬಂದಿಯೂ ಮುಟ್ಟುವ ಮುನ್ನ ಏನು ಮಾಡಲಿದ್ದೇವೆಂದು ರೋಗಿಗೆ ಹೇಳುವಂತೆ ಗೊತ್ತುಪಡಿಸಿದೆವು.

ಅದೇ ದಿನ ಮನೆಯ ಗೋಡೆಗೊರಗಿಸಿದ್ದ ಸೌದೆಯ ರಾಶಿಯಲ್ಲಿ ಸಿಕ್ಕ ಹಾವಿನ ಚಿತ್ರವನ್ನು ಸಂಬಂಧಿಕರು ಮೊಬೈಲಿನಲ್ಲಿ ತಂದು ತೋರಿಸಿದರು. ಹೊಳೆಯುವ ಕಪ್ಪು ಮೈ, ಜೋಡಿಜೋಡಿಯಾದ ತೆಳು ಬಿಳಿ ಪಟ್ಟಿಗಳು, ಬೆನ್ನಿನ ನಡುಸಾಲಿನಲ್ಲಿ ದೊಡ್ಡ ಷಟ್ಕೋನದ ಹುರುಪೆಗಳು. ಇದೇ ಬಗೆಯ ಪಟ್ಟಿಗಳಿರುವ ವಿಷರಹಿತ ತೋಳಹಾವಿನಲ್ಲಿ ಈ ದೊಡ್ಡ ಹುರುಪೆಗಳಿರುವುದಿಲ್ಲ. ರಕ್ತದಲ್ಲಿ ವಿಷವನ್ನು ನೇರವಾಗಿ ಪತ್ತೆಹಚ್ಚುವ ಪರೀಕ್ಷೆ ನಮ್ಮಲ್ಲಿಲ್ಲದ ಕಾರಣ, ಸಿಕ್ಕ ಹಾವೇ ಕಚ್ಚಿದ ಹಾವು ಎಂಬುದು ಸಂದರ್ಭದಿಂದ ಮಾಡಿದ ಊಹೆ.

ಫಲಿತಾಂಶ

ನಾಲ್ಕನೆಯ ದಿನ ಬಲಗಾಲಿನ ಹೆಬ್ಬೆರಳು ಅಲುಗಿತು. ಹೌದು ಎಂದರೆ ಒಮ್ಮೆ, ಇಲ್ಲ ಎಂದರೆ ಎರಡು ಸಲ ಎಂದು ಹೇಳಿಕೊಟ್ಟೆವು. ಅವರ ಮೊದಲ “ಹೌದು” ನೋವಿದೆಯೇ ಎಂಬ ಪ್ರಶ್ನೆಗೆ. ನಂತರ ಕೈಬೆರಳು, ಆಮೇಲೆ ಪಾಪೆಗಳ ಸ್ಪಂದನ, ಕೊನೆಗೆ ಕುತ್ತಿಗೆ ಮತ್ತು ರೆಪ್ಪೆಗಳ ಬಲ ಮರಳಿತು. ಒಂಬತ್ತನೆಯ ದಿನ ನಳಿಕೆ ತೆಗೆಯಲಾಯಿತು, ಹದಿನಾಲ್ಕನೆಯ ದಿನ ನಡೆದುಕೊಂಡೇ ಮನೆಗೆ ಹೋದರು. ಆರು ವಾರಗಳ ನಂತರದ ತಪಾಸಣೆಯಲ್ಲಿ ನರದೌರ್ಬಲ್ಯ ಇರಲಿಲ್ಲ. ರಾತ್ರಿ ಬೆಚ್ಚಿ ಏಳುವುದು ಉಳಿದಿದ್ದರಿಂದ ಮನೋವೈದ್ಯರ ಸಲಹೆ ಕೊಡಿಸಲಾಯಿತು. ಎರಡನೆಯ ದಿನ ಹಾಸಿಗೆಯ ಪಕ್ಕದಲ್ಲಿ ಬಂಧುಗಳು ಆಡಿದ ಮಾತುಗಳಲ್ಲಿ ಹಲವನ್ನು, ಯಾರು ಆಡಿದ್ದೆಂಬುದರ ಸಮೇತ, ಅವರು ಹೇಳಬಲ್ಲವರಾಗಿದ್ದರು.

ಚರ್ಚೆ

ಕಟ್ಟುಹಾವಿನ ವಿಷದಲ್ಲಿರುವ ಬೀಟಾ-ಬಂಗಾರೊಟಾಕ್ಸಿನ್ ನರತುದಿಗಳ ಒಳಗೆ ಸೇರಿ ಅವನ್ನೇ ಹಾಳುಗೆಡವುತ್ತದೆ; ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಬಿಡುಗಡೆಯಾಗುವುದು ನಿಲ್ಲುತ್ತದೆ. ನಿಯೋಸ್ಟಿಗ್ಮಿನ್ ಉಳಿಸುವುದು ಬಿಡುಗಡೆಯಾದ ಅಸಿಟೈಲ್‌ಕೋಲಿನ್ ಅನ್ನು. ಬಿಡುಗಡೆಯೇ ಇಲ್ಲದಿರುವಾಗ ಅದು ಮಾಡುವುದು ಕಡಿಮೆ; ನಾಗರಹಾವಿನ ಕಡಿತದಲ್ಲಿ ಕಾಣುವ ಸುಧಾರಣೆ ಇಲ್ಲಿ ಕಾಣದಿರುವುದಕ್ಕೆ ಇದೇ ಕಾರಣ. ಪ್ರತಿವಿಷ ರಕ್ತದಲ್ಲಿ ತಿರುಗುವ ವಿಷವನ್ನು ಕಟ್ಟಿಹಾಕಬಲ್ಲದು, ಹಾಳಾದ ನರತುದಿಯನ್ನು ದುರಸ್ತಿ ಮಾಡಲಾರದು. ಆ ತುದಿಗಳು ಮತ್ತೆ ಬೆಳೆಯಲು ದಿನಗಳು, ಕೆಲವೊಮ್ಮೆ ವಾರಗಳು ಬೇಕು. ರೆಪ್ಪೆ ಏಳಲಿಲ್ಲವೆಂದು ಬಾಟಲಿಯ ಮೇಲೆ ಬಾಟಲಿ ಸುರಿಯುವುದರಿಂದ ಅಲರ್ಜಿಯ ಅಪಾಯವೂ ಖರ್ಚೂ ಹೆಚ್ಚುತ್ತವೆ, ಮುಂದಿನ ರೋಗಿಗೆ ಬೇಕಾದ ದಾಸ್ತಾನು ಖಾಲಿಯಾಗುತ್ತದೆ. ಈ ದಿನಗಳಲ್ಲಿ ಜೀವ ಉಳಿಸುವುದು ವೆಂಟಿಲೇಟರ್ ಮತ್ತು ಶುಶ್ರೂಷೆ.

ಪಾಪೆಯ ವಿಷಯಕ್ಕೆ ಹೆಚ್ಚು ಒತ್ತು ಕೊಡಬಯಸುತ್ತೇವೆ. ಹಿಗ್ಗಿದ, ಸ್ಪಂದಿಸದ ಪಾಪೆ ನಮಗೆಲ್ಲ ವಿದ್ಯಾರ್ಥಿ ದೆಸೆಯಿಂದಲೂ ಕೆಟ್ಟ ಸೂಚನೆ. ಆದರೆ ಈ ವಿಷಬಾಧೆಯಲ್ಲಿ ಪಾಪೆಯ ನರಗಳೂ ಸೋಲುತ್ತವೆ. ಅದು ಮಿದುಳಿನ ಸ್ಥಿತಿಯನ್ನು ಹೇಳುವುದಿಲ್ಲ. ನರಸ್ನಾಯು ಪಾರ್ಶ್ವವಾಯು ಇರುವಾಗ ಮಿದುಳು ಸಾವನ್ನು ನಿರ್ಧರಿಸುವ ಹಾಸಿಗೆಬದಿಯ ಪರೀಕ್ಷೆಗಳಿಗೆ ಅರ್ಥವೇ ಇಲ್ಲ. ಇಇಜಿ ಸೌಲಭ್ಯ ಇಲ್ಲದ ಕಡೆಯೂ ಕಾಯುವುದೊಂದೇ ಸರಿಯಾದ ದಾರಿ. ವೆಂಟಿಲೇಟರ್ ಬಿಡಿಸಿ ಮನೆಗೆ ಒಯ್ಯುವ ನಿರ್ಧಾರವನ್ನು ಮೊದಲ ವಾರದಲ್ಲಿ ಯಾರೂ ಮುಂದಿಡಬಾರದು.

ಕಲಿಕೆಯ ಅಂಶಗಳು

• ನೆಲದ ಮೇಲೆ ಮಲಗಿದ್ದವರು ನಸುಕಿನಲ್ಲಿ ಕಾರಣವಿಲ್ಲದ ಹೊಟ್ಟೆನೋವಿನಿಂದ ಎದ್ದು ಬಂದರೆ ರೆಪ್ಪೆ ನೋಡಿ, ಒಂದೇ ಉಸಿರಿನಲ್ಲಿ ಎಣಿಸಲು ಹೇಳಿ, ಕೆಲವು ಗಂಟೆ ನಿಗಾದಲ್ಲಿಡಿ. ರೆಪ್ಪೆ ಜೋತುಬಿದ್ದರೆ, ಬೇರೆ ಕಾರಣ ಸಾಬೀತಾಗುವವರೆಗೆ ಅದು ಕಟ್ಟುಹಾವಿನ ಕಡಿತ. ಗಾಯದ ಗುರುತು ಕಾಣದಿರುವುದು ಪ್ರತಿವಿಷ ತಡೆಹಿಡಿಯಲು ಕಾರಣವಲ್ಲ.

• ಬಳೆ, ಉಂಗುರ, ತಲೆಗೂದಲ ಅಡಿಯಲ್ಲಿಯೂ ಹುಡುಕಿ.

• ಹಿಗ್ಗಿ ನಿಂತ ಪಾಪೆ ಮಿದುಳು ಸಾವಿನ ಲಕ್ಷಣವಲ್ಲ. ಅಲುಗದ ರೋಗಿ ಕೇಳಿಸಿಕೊಳ್ಳುತ್ತಿರಬಹುದು; ನೋವುನಿವಾರಕ ಕೊಡಿ, ಮಾತನಾಡಿಸಿ, ಹಾಸಿಗೆಯ ಪಕ್ಕದ ಮಾತಿನಲ್ಲಿ ಎಚ್ಚರವಿರಲಿ.

ಸಮ್ಮತಿ ಮತ್ತು ಗೋಪ್ಯತೆ

ಗುಣಮುಖರಾದ ಮೇಲೆ ಈ ವರದಿಯನ್ನು ರೋಗಿಗೆ ಕನ್ನಡದಲ್ಲಿ ಓದಿ ಹೇಳಿ, ಪ್ರಕಟಣೆಗೆ ಅವರ ಲಿಖಿತ ಸಮ್ಮತಿ ಪಡೆಯಲಾಗಿದೆ. ಹೆಸರು, ಊರು, ಜಿಲ್ಲೆ, ನಿಖರ ವಯಸ್ಸು, ದಿನಾಂಕ, ಆಸ್ಪತ್ರೆಗಳ ಹೆಸರುಗಳನ್ನು ಕೈಬಿಟ್ಟಿದ್ದೇವೆ. ವೈದ್ಯಕೀಯ ವಿವರ ಯಾವುದನ್ನೂ ಬದಲಿಸಿಲ್ಲ. ಮಣಿಕಟ್ಟಿನ ಚಿತ್ರವನ್ನು ಪ್ರಕಟಿಸುವುದು ಬೇಡವೆಂದು ರೋಗಿ ತಿಳಿಸಿದ್ದರಿಂದ ಅದನ್ನು ಸೇರಿಸಿಲ್ಲ.