ದ್ವಿತೀಯ ಪಿಯುಸಿ ಭೌತಶಾಸ್ತ್ರ: ಕಾಂತತ್ವ ಘಟಕ ಪರೀಕ್ಷೆ (ಉತ್ತರಗಳ ಸಹಿತ)

ಒಟ್ಟು ಅಂಕ: 30
ಸಮಯ: 75 ನಿಮಿಷ

ಬರೆಯುವ ಮೊದಲು ಇದನ್ನು ಓದಿಕೊಳ್ಳಿ. ಎಲ್ಲ ಪ್ರಶ್ನೆಗಳಿಗೂ ಉತ್ತರಿಸಬೇಕು. ಲೆಕ್ಕದಲ್ಲಿ ಸೂತ್ರ, ಬೆಲೆ ಹಾಕಿದ ಹಂತ, ಯೂನಿಟ್ ಮೂರಕ್ಕೂ ಅಂಕ ಇದೆ. ಕೊನೆಯ ಉತ್ತರ ತಪ್ಪಿದರೂ ದಾರಿ ಸರಿಯಿದ್ದರೆ ಅಂಕ ಸಿಗುತ್ತದೆ, ಆದ್ದರಿಂದ ಹಂತಗಳನ್ನು ಬಿಡಬೇಡಿ. ಚಿತ್ರಗಳನ್ನು ಪೆನ್ಸಿಲ್‌ನಲ್ಲೇ ಬರೆಯಿರಿ. ಫೀಲ್ಡ್ ಲೈನ್ ಎಳೆದ ಕಡೆಯೆಲ್ಲ ಬಾಣದ ಗುರುತು ಇರಲೇಬೇಕು. ಬಾಣವಿಲ್ಲದ ಗೆರೆ ಏನನ್ನೂ ಹೇಳುವುದಿಲ್ಲ, ಅದಕ್ಕೆ ಅಂಕವೂ ಇಲ್ಲ.

ಬೇಕಾದ ಬೆಲೆಗಳು: μ₀/4π = 10⁻⁷ T m A⁻¹. 2ರ ಘನಮೂಲ 1.26.

ಭಾಗ ಎ (ತಲಾ 1 ಅಂಕ)

1. ಒಂದು ಬಾರ್ ಮ್ಯಾಗ್ನೆಟ್‌ನ ಮ್ಯಾಗ್ನೆಟಿಕ್ ಮೊಮೆಂಟ್ m. ಅದನ್ನು ಉದ್ದಕ್ಕೆ ಸೀಳಿ ಎರಡು ಸಮ ತುಂಡು ಮಾಡಿದರೆ ಪ್ರತಿ ತುಂಡಿನ ಮೊಮೆಂಟ್ ಎಷ್ಟು?
(ಅ) m (ಆ) m/2 (ಇ) 2m (ಈ) ಸೊನ್ನೆ

2. ಬಾರ್ ಮ್ಯಾಗ್ನೆಟ್‌ನ ಒಳಗಡೆ ಫೀಲ್ಡ್ ಲೈನ್‌ಗಳು ಯಾವ ಧ್ರುವದಿಂದ ಯಾವ ಧ್ರುವಕ್ಕೆ ಹೋಗುತ್ತವೆ?

3. χ = −1 ಇರುವ ವಸ್ತುವನ್ನು ಏನೆಂದು ಕರೆಯುತ್ತಾರೆ?

4. ಮ್ಯಾಗ್ನೆಟೈಸೇಶನ್‌ನ ಎಸ್‌ಐ ಯೂನಿಟ್ ಬರೆಯಿರಿ.

ಭಾಗ ಬಿ

5. ಒಬ್ಬ ವಿದ್ಯಾರ್ಥಿ ಬಾರ್ ಮ್ಯಾಗ್ನೆಟ್‌ನ ಚಿತ್ರ ಬರೆದಿದ್ದಾನೆ. ಎಲ್ಲ ಗೆರೆಗಳೂ ಉತ್ತರ ಧ್ರುವದಲ್ಲಿ ಶುರುವಾಗಿ ದಕ್ಷಿಣ ಧ್ರುವದಲ್ಲಿ ನಿಂತಿವೆ. ಮ್ಯಾಗ್ನೆಟ್‌ನ ಒಳಗೆ ಏನೂ ಇಲ್ಲ. ಬಲಗಡೆ ಎರಡು ಗೆರೆಗಳು ಒಂದನ್ನೊಂದು ದಾಟಿವೆ. ಈ ಚಿತ್ರದಲ್ಲಿರುವ ಎರಡು ತಪ್ಪುಗಳನ್ನು ಕಾರಣ ಸಹಿತ ಹೇಳಿ, ಸರಿಯಾದ ಚಿತ್ರ ಬರೆಯಿರಿ. ಒಂದು ಕಾರಣದಲ್ಲಾದರೂ ಕಾಂತತ್ವದ ಗಾಸ್ ನಿಯಮ ಬರಬೇಕು. (3)

6. ನೋಡಲು ಒಂದೇ ತರಹದ ಎರಡು ಕಬ್ಬಿಣದ ಸರಳುಗಳಿವೆ. ಒಂದು ಮಾತ್ರ ಮ್ಯಾಗ್ನೆಟ್. ದಾರ, ದಿಕ್ಸೂಚಿ, ಕಬ್ಬಿಣದ ಪುಡಿ ಯಾವುದೂ ಇಲ್ಲ, ಆ ಎರಡು ಸರಳು ಮಾತ್ರ ಕೈಯಲ್ಲಿವೆ. ಮ್ಯಾಗ್ನೆಟ್ ಯಾವುದೆಂದು ಹೇಗೆ ಕಂಡುಹಿಡಿಯುತ್ತೀರಿ? (2)

7. 0.2 T ಏಕರೂಪ ಕ್ಷೇತ್ರದಲ್ಲಿ ಒಂದು ಬಾರ್ ಮ್ಯಾಗ್ನೆಟ್‌ನ ಅಕ್ಷ ಕ್ಷೇತ್ರದ ಜೊತೆ 30° ಕೋನ ಮಾಡಿದೆ. ಅದರ ಮೇಲಿನ ಟಾರ್ಕ್ 0.06 N m. ಮ್ಯಾಗ್ನೆಟಿಕ್ ಮೊಮೆಂಟ್ ಎಷ್ಟು? ಸ್ಥಿರ ಸಮತೋಲನದಿಂದ ಅಸ್ಥಿರ ಸಮತೋಲನಕ್ಕೆ ತಿರುಗಿಸಲು ಎಷ್ಟು ಕೆಲಸ ಬೇಕು? (3)

8. ಒಂದು ಪ್ಯಾರಾಮ್ಯಾಗ್ನೆಟಿಕ್ ಲವಣದ ಮ್ಯಾಗ್ನೆಟೈಸೇಶನ್ 0.50 T ಕ್ಷೇತ್ರದಲ್ಲಿ, 10 K ತಾಪಮಾನದಲ್ಲಿ 12 A m⁻¹. ಕ್ಷೇತ್ರ 0.75 T, ತಾಪಮಾನ 30 K ಆದಾಗ ಎಷ್ಟಿರುತ್ತದೆ? ಕ್ಯೂರಿ ನಿಯಮ ಇಲ್ಲಿ ಅನ್ವಯಿಸುತ್ತದೆ ಎಂದುಕೊಳ್ಳಿ. (3)

9. P, Q, R ಮೂರು ವಸ್ತುಗಳ ಸಸೆಪ್ಟಿಬಿಲಿಟಿ ಕ್ರಮವಾಗಿ −1.0 × 10⁻⁵, +2.2 × 10⁻⁵ ಮತ್ತು +5000.
(ಅ) ಪ್ರತಿಯೊಂದೂ ಯಾವ ವರ್ಗದ್ದು? ಅದರ ಸಾಪೇಕ್ಷ ಪರ್ಮಿಯಬಿಲಿಟಿ ಎಷ್ಟು?
(ಆ) ತಾಮ್ರ, ಮೆದು ಕಬ್ಬಿಣ, ಅಲ್ಯೂಮಿನಿಯಂ: ಇವುಗಳಲ್ಲಿ P, Q, R ಯಾವುವು ಇರಬಹುದು?
(ಇ) ಏಕರೂಪ ಕ್ಷೇತ್ರದಲ್ಲಿ P ಮತ್ತು R ಇಟ್ಟಾಗ ಫೀಲ್ಡ್ ಲೈನ್‌ಗಳು ಹೇಗೆ ಬದಲಾಗುತ್ತವೆ ಎಂದು ಚಿತ್ರ ಬರೆಯಿರಿ. (4)

ಭಾಗ ಸಿ

10. ಗ್ಯಾಡೊಲಿನಿಯಂ ಲೋಹದ ಕ್ಯೂರಿ ತಾಪಮಾನ ಸುಮಾರು 20 °C. ಮಡಿಕೇರಿಯಲ್ಲಿ 12 °C ಇರುವ ಒಂದು ಬೆಳಗ್ಗೆ ಅದರ ತುಂಡು ಮ್ಯಾಗ್ನೆಟ್‌ಗೆ ಗಟ್ಟಿಯಾಗಿ ಅಂಟಿಕೊಂಡು ತೂಗುತ್ತಿದೆ. ಅದೇ ಮ್ಯಾಗ್ನೆಟ್, ಅದೇ ತುಂಡು ರಾಯಚೂರಿನಲ್ಲಿ 41 °C ಇರುವ ಬೇಸಿಗೆ ಮಧ್ಯಾಹ್ನ ಏನಾಗಬಹುದು? ಡೊಮೇನ್‌ಗಳ ಮೂಲಕ ವಿವರಿಸಿ. ಪಕ್ಕದಲ್ಲೇ ಅಂಟಿಸಿದ ಕಬ್ಬಿಣದ ಮೊಳೆ ಯಾಕೆ ಬೀಳುವುದಿಲ್ಲ? ಕಬ್ಬಿಣದ ಕ್ಯೂರಿ ತಾಪಮಾನ 1043 K. (3)

11. 1997ರಲ್ಲಿ ನೆದರ್ಲೆಂಡ್ಸ್‌ನ ನೈಮೇಖನ್‌ನಲ್ಲಿ ಆಂದ್ರೆ ಗೈಮ್ ಮತ್ತು ಸಂಗಡಿಗರು ಸುಮಾರು 16 T ಕ್ಷೇತ್ರದಲ್ಲಿ ಜೀವಂತ ಕಪ್ಪೆಯನ್ನು ಗಾಳಿಯಲ್ಲಿ ತೇಲಿಸಿದರು.
(ಅ) ಕಪ್ಪೆಯಲ್ಲಿ ಕಬ್ಬಿಣದ ಚೂರೇನೂ ಇಟ್ಟಿರಲಿಲ್ಲ. ಮತ್ತೆ ಅದು ತೇಲಿದ್ದು ಹೇಗೆ?
(ಆ) 16 T ಕ್ಷೇತ್ರ ಎಲ್ಲ ಕಡೆಯೂ ಏಕರೂಪವಾಗಿದ್ದರೆ ಕಪ್ಪೆ ತೇಲುತ್ತಿತ್ತೇ? (3)

12. ಒಂದು ಗಿಡ್ಡ ಬಾರ್ ಮ್ಯಾಗ್ನೆಟ್ ಅನ್ನು ಮೇಜಿನ ಮೇಲೆ ಉತ್ತರ–ದಕ್ಷಿಣವಾಗಿ ಇಡಲಾಗಿದೆ. ಅದರ ಉತ್ತರ ಧ್ರುವ ಉತ್ತರಕ್ಕೇ ಮುಖ ಮಾಡಿದೆ. ಮಧ್ಯಬಿಂದುವಿನಿಂದ 10 cm ದೂರದ ಒಂದು ಜಾಗದಲ್ಲಿ ದಿಕ್ಸೂಚಿಯ ಮುಳ್ಳು ಯಾವ ದಿಕ್ಕಿಗೂ ನಿಲ್ಲುವುದಿಲ್ಲ, ಸುಮ್ನೆ ಅಲೆಯುತ್ತದೆ. ಅಲ್ಲಿ ಭೂಮಿಯ ಕ್ಷೇತ್ರದ ಕ್ಷಿತಿಜೀಯ ಭಾಗ 4.0 × 10⁻⁵ T. ಬೆಂಗಳೂರಿನಲ್ಲೂ ಹೆಚ್ಚುಕಡಿಮೆ ಇಷ್ಟೇ.
(ಅ) ಆ ಜಾಗ ಮ್ಯಾಗ್ನೆಟ್‌ನ ಅಕ್ಷದ ಮೇಲಿದೆಯೇ, ಸಮಭಾಜಕ ರೇಖೆಯ ಮೇಲಿದೆಯೇ? ಕಾರಣ ಕೊಡಿ.
(ಆ) ಮ್ಯಾಗ್ನೆಟಿಕ್ ಮೊಮೆಂಟ್ ಕಂಡುಹಿಡಿಯಿರಿ.
(ಇ) ಮ್ಯಾಗ್ನೆಟ್ ಅನ್ನು ತಿರುಗಿಸಿ ಉತ್ತರ ಧ್ರುವ ದಕ್ಷಿಣಕ್ಕೆ ಬರುವಂತೆ ಇಟ್ಟರೆ ಇಂಥ ಜಾಗ ಎಲ್ಲಿ, ಎಷ್ಟು ದೂರದಲ್ಲಿ ಸಿಗುತ್ತದೆ? (5)

ಉತ್ತರಗಳು (ಪೇಪರ್ ಕೊಟ್ಟ ಮೇಲೆ ನೋಡಿ)

1. m/2. 2. ದಕ್ಷಿಣದಿಂದ ಉತ್ತರಕ್ಕೆ. 3. ಸೂಪರ್‌ಕಂಡಕ್ಟರ್ (ಪರಿಪೂರ್ಣ ಡಯಾಮ್ಯಾಗ್ನೆಟ್ ಎಂದರೂ ಸರಿ). 4. A m⁻¹.

5. ಉತ್ತರ ಧ್ರುವವೊಂದನ್ನೇ ಸುತ್ತುವ ಮುಚ್ಚಿದ ಮೇಲ್ಮೈ ಊಹಿಸಿಕೊಳ್ಳಿ. ಆ ಹುಡುಗನ ಚಿತ್ರದಲ್ಲಿ ಗೆರೆಗಳು ಅದರಿಂದ ಹೊರಗೆ ಮಾತ್ರ ಹೋಗುತ್ತವೆ, ಒಳಗೆ ಒಂದೂ ಬರುವುದಿಲ್ಲ. ಗಾಸ್ ನಿಯಮದ ಪ್ರಕಾರ ಒಟ್ಟು ಫ್ಲಕ್ಸ್ ಸೊನ್ನೆ. ಅಂದರೆ ಹೊರಗೆ ಹೋದಷ್ಟೇ ಗೆರೆಗಳು ಮ್ಯಾಗ್ನೆಟ್‌ನ ಒಳಗಿನಿಂದ ಬರಲೇಬೇಕು. ಇದು ಈ ಪಾಠದ ಜೀವಾಳ, ದಯವಿಟ್ಟು ಒಳಗಿನ ಗೆರೆಗಳನ್ನು ಬಿಡಬೇಡಿ. ಇನ್ನು ಗೆರೆಗಳು ದಾಟಿದರೆ ಆ ಬಿಂದುವಿನಲ್ಲಿ ಕ್ಷೇತ್ರಕ್ಕೆ ಎರಡು ದಿಕ್ಕು ಇರಬೇಕಾಗುತ್ತದೆ. ಅದು ಸಾಧ್ಯವಿಲ್ಲ, ಅಲ್ವಾ?

6. ಒಂದರ ತುದಿಯನ್ನು ಇನ್ನೊಂದರ ನಡುಭಾಗಕ್ಕೆ ತನ್ನಿ. ಜೋರಾಗಿ ಎಳೆದರೆ ತುದಿ ತಂದ ಸರಳು ಮ್ಯಾಗ್ನೆಟ್. ಎಳೆತ ತೀರಾ ಕಡಿಮೆಯಿದ್ದರೆ ಇನ್ನೊಂದು ಮ್ಯಾಗ್ನೆಟ್. ತುದಿಗೆ ತುದಿ ಹಿಡಿದರೆ ಯಾವಾಗಲೂ ಎಳೆಯುತ್ತದೆ, ಏನೂ ಗೊತ್ತಾಗುವುದಿಲ್ಲ.

7. m = τ/(B sin θ) = 0.06/(0.2 × 0.5) = 0.6 A m². ಕೆಲಸ 2mB = 0.24 J.

8. M = C B/T. ಕ್ಷೇತ್ರ ಒಂದೂವರೆ ಪಟ್ಟು, ತಾಪಮಾನ ಮೂರು ಪಟ್ಟು. 12 × 1.5/3 = 6 A m⁻¹.

9. P ಡಯಾಮ್ಯಾಗ್ನೆಟಿಕ್, 0.99999, ತಾಮ್ರ. Q ಪ್ಯಾರಾಮ್ಯಾಗ್ನೆಟಿಕ್, 1.000022, ಅಲ್ಯೂಮಿನಿಯಂ. R ಫೆರೋಮ್ಯಾಗ್ನೆಟಿಕ್, 5001, ಮೆದು ಕಬ್ಬಿಣ. ಚಿತ್ರದಲ್ಲಿ P ಒಳಗೆ ಗೆರೆಗಳು ಸ್ವಲ್ಪ ವಿರಳ, R ಒಳಗೆ ತುಂಬಾ ದಟ್ಟ. P ಒಳಗೆ ಗೆರೆಗಳೇ ಇಲ್ಲದಂತೆ ಬರೆದರೆ ಅಂಕ ಕಡಿಮೆ, ಅದು ಸೂಪರ್‌ಕಂಡಕ್ಟರ್‌ನ ಚಿತ್ರ.

10. 41 °C ಕ್ಯೂರಿ ತಾಪಮಾನಕ್ಕಿಂತ ಜಾಸ್ತಿ. ಉಷ್ಣದ ಕದಲಿಕೆಯಿಂದ ಡೊಮೇನ್‌ಗಳು ಉಳಿಯುವುದಿಲ್ಲ, ಲೋಹ ಪ್ಯಾರಾಮ್ಯಾಗ್ನೆಟಿಕ್ ಆಗುತ್ತದೆ. ಸೆಳೆತ ತುಂಬಾ ತಗ್ಗಿ ತುಂಡು ಬೀಳಬಹುದು. ಕಬ್ಬಿಣಕ್ಕೆ ಆ ಹಂತ ಬರುವುದು 770 °Cಯಲ್ಲಿ. ರಾಯಚೂರಿನ ಬಿಸಿಲಿಗೆ ಅದು ಜಗ್ಗುವುದಿಲ್ಲ.

11. ಕಪ್ಪೆಯ ಮೈಯಲ್ಲಿ ಬಹುಪಾಲು ನೀರು. ನೀರು ಡಯಾಮ್ಯಾಗ್ನೆಟಿಕ್, ಜೋರು ಕ್ಷೇತ್ರದಿಂದ ಕಡಿಮೆ ಕ್ಷೇತ್ರದ ಕಡೆಗೆ ತಳ್ಳಲ್ಪಡುತ್ತದೆ. ಮೇಲ್ಮುಖವಾದ ಈ ತಳ್ಳು ತೂಕಕ್ಕೆ ಸಮವಾದಾಗ ಕಪ್ಪೆ ತೇಲುತ್ತದೆ. ಏಕರೂಪ ಕ್ಷೇತ್ರದಲ್ಲಿ ತೇಲುವುದಿಲ್ಲ, ಏಕೆಂದರೆ ಬಲ ಬರಲು ಕ್ಷೇತ್ರ ಒಂದೆಡೆಯಿಂದ ಇನ್ನೊಂದೆಡೆಗೆ ಬದಲಾಗುತ್ತಿರಬೇಕು. ಎಷ್ಟು ದೊಡ್ಡ ಕ್ಷೇತ್ರ ಅನ್ನುವುದೊಂದೇ ಸಾಲದು.

12. (ಅ) ಸಮಭಾಜಕ ರೇಖೆಯ ಮೇಲೆ. m ಉತ್ತರಕ್ಕಿದೆ, ಸಮಭಾಜಕದಲ್ಲಿ ಮ್ಯಾಗ್ನೆಟ್‌ನ ಕ್ಷೇತ್ರ ಅದಕ್ಕೆ ವಿರುದ್ಧ, ಅಂದರೆ ದಕ್ಷಿಣಕ್ಕೆ. ಭೂಮಿಯದು ಉತ್ತರಕ್ಕೆ. ಎರಡೂ ಸಮವಾದ ಕಡೆ ರದ್ದಾಗುತ್ತವೆ. (ಆ) 10⁻⁷ m/r³ = 4.0 × 10⁻⁵, r = 0.10 m. m = 0.40 A m². (ಇ) ಈಗ m ದಕ್ಷಿಣಕ್ಕೆ. ವಿರೋಧ ಸಿಗುವುದು ಅಕ್ಷದ ಮೇಲೆ, ಎರಡೂ ಬದಿಗೆ. ಅಲ್ಲಿ ಕ್ಷೇತ್ರ 2 × 10⁻⁷ m/r³, ಆದ್ದರಿಂದ r³ ಎರಡು ಪಟ್ಟಾಗುತ್ತದೆ. r = 10 × 1.26 = 12.6 cm. ಲ್ಯಾಬ್‌ನಲ್ಲಿ ಇದನ್ನು ಮಾಡಿ ನೋಡುವಾಗ ಮೊಬೈಲ್ ದೂರ ಇಡಿ, ಅದರ ಸ್ಪೀಕರ್‌ನ ಮ್ಯಾಗ್ನೆಟ್ ಮುಳ್ಳನ್ನು ಎಳೆಯುತ್ತದೆ.