ಕ್ಯೂರಿಂಗ್ ಮುಂಗಡ ನೋಂದಣಿ ಅರ್ಜಿ: ಸುಗಮ್ಯತೆ ಪರಿಶೀಲನಾ ವರದಿ

ಯಾರಿಗೆ: ವಿನ್ಯಾಸ ಮತ್ತು ತಂತ್ರಾಂಶ ತಂಡ, ಚಿಕ್ಕಮಗಳೂರು
ಪರಿಶೀಲಿಸಿದ್ದು: ಮೊಬೈಲ್ ಅರ್ಜಿಯ ಮೂರನೆಯ ಕರಡು
ಮಾನದಂಡ: ಡಬ್ಲ್ಯೂಸಿಎಜಿ 2.2, ಎಎ ಮಟ್ಟ

ಬೆಳೆಗಾರರು ಸಂಘದ ಕ್ಯೂರಿಂಗ್ ಘಟಕಕ್ಕೆ ಕಾಫಿ ಸಾಗಿಸುವ ಮೊದಲು ದಿನ ಕಾಯ್ದಿರಿಸಲು ತುಂಬಬೇಕಾದ ಅರ್ಜಿ ಇದು. ಇಷ್ಟು ದಿನ ಈ ಕೆಲಸ ಫೋನ್ ಕರೆಯಲ್ಲಿ ಮುಗಿಯುತ್ತಿತ್ತು. ಮುಂದಿನ ಕೊಯ್ಲಿನಿಂದ ಮೊಬೈಲ್ ಅರ್ಜಿಯೊಂದೇ ದಾರಿ ಎಂದು ನಿಮ್ಮ ಕಾರ್ಯಪಟ್ಟಿಯಲ್ಲಿದೆ. ಹಾಗಾದರೆ ಇದನ್ನು ತುಂಬಲಾಗದವರಿಗೆ ಬೇರೆ ಬಾಗಿಲಿಲ್ಲ. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡೇ ಪರಿಶೀಲನೆ ಮಾಡಿದ್ದೇನೆ.

ಮೊದಲು ನನ್ನ ಮೇಜಿನ ಮೇಲೆ ನೋಡಿದೆ. ಆಮೇಲೆ ಮೂವರ ಕೈಗೆ ಕೊಟ್ಟೆ. ಒಬ್ಬರು ಆಲ್ದೂರಿನ ಹತ್ತಿರ ತೋಟವಿರುವ 71 ವರ್ಷದ ಬೆಳೆಗಾರರು. ಇನ್ನೊಬ್ಬರು ಕಣ್ಣು ಕಾಣದ ಮಹಿಳೆ. ಮನೆಯ ತೋಟದ ಲೆಕ್ಕವನ್ನೆಲ್ಲ, ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ನೆರವಿನಿಂದ ಫೋನಿನಲ್ಲೇ ನೋಡಿಕೊಳ್ಳುತ್ತಾರೆ. ಮೂರನೆಯವರು ಪಿಕಪ್ ಚಾಲಕರು, ಕೆಂಪು ಹಸಿರಿನ ವ್ಯತ್ಯಾಸ ಅವರಿಗೆ ಸರಿಯಾಗಿ ತಿಳಿಯುವುದಿಲ್ಲ. ಮೂವರಲ್ಲಿ ಒಬ್ಬರೂ ಯಾರ ಸಹಾಯವೂ ಇಲ್ಲದೆ ಅರ್ಜಿಯನ್ನು ಕೊನೆಮುಟ್ಟಿಸಲಿಲ್ಲ. ಈ ಕರಡನ್ನು ಹೀಗೆಯೇ ಬಿಡುಗಡೆ ಮಾಡಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಒಳ್ಳೆಯದನ್ನೂ ಹೇಳಬೇಕು. ಇಡೀ ಅರ್ಜಿ ಒಂದೇ ಕಂಬದಲ್ಲಿ ಮೇಲಿನಿಂದ ಕೆಳಕ್ಕೆ ಸಾಗುತ್ತದೆ, ಅಕ್ಕಪಕ್ಕ ಹುಡುಕಬೇಕಾಗಿಲ್ಲ. ಕನ್ನಡದ ಅಕ್ಷರಗಳು 18 ಪಿಕ್ಸೆಲ್‌ನಲ್ಲಿವೆ, ಒತ್ತಕ್ಷರಗಳು ಕಲಸಿಹೋಗಿಲ್ಲ. ಇವೆರಡನ್ನೂ ದಯವಿಟ್ಟು ಬದಲಿಸಬೇಡಿ.

ದಿನ ಆಯ್ಕೆಯ ಕ್ಯಾಲೆಂಡರ್

ಅತಿ ದೊಡ್ಡ ತೊಡಕು ಇಲ್ಲಿದೆ, ಆದ್ದರಿಂದ ಇದನ್ನೇ ಮೊದಲು ಎತ್ತಿಕೊಂಡಿದ್ದೇನೆ. ಜಾಗವಿರುವ ದಿನ ಹಸಿರು, ಭರ್ತಿಯಾದ ದಿನ ಕೆಂಪು. ಬಣ್ಣ ಬಿಟ್ಟರೆ ಆ ಮನೆಗಳಲ್ಲಿ ತಾರೀಖಿನ ಅಂಕಿಯ ಹೊರತು ಬೇರೇನೂ ಇಲ್ಲ. ಮಾಹಿತಿಯನ್ನು ಬಣ್ಣವೊಂದರಿಂದಲೇ ತಿಳಿಸಬಾರದು ಎಂಬುದು ಮಾನದಂಡದ 1.4.1ನೆಯ ನಿಯಮ, ಅದು ಎ ಮಟ್ಟದ್ದು, ಅಂದರೆ ತೀರಾ ಕನಿಷ್ಠ ಅಗತ್ಯ.

ನೀವು ಬಳಸಿರುವ ಹಸಿರು `#4CAF50`, ಕೆಂಪು `#E57373`. ಇವೆರಡರ ಹೊಳಪನ್ನು ಅಳೆದು ನೋಡಿದೆ, ಪರಸ್ಪರ ವ್ಯತ್ಯಾಸ 1.07:1 ಮಾತ್ರ. ಬಣ್ಣ ತೆಗೆದು ಬರೀ ಬೂದು ಛಾಯೆಯಲ್ಲಿ ನೋಡಿದರೆ ಎರಡೂ ಒಂದೇ. ಚಾಲಕರು ಪರದೆಯನ್ನು ಕಣ್ಣಿನ ಹತ್ತಿರ ತಂದುಕೊಂಡರು, ದೂರ ಹಿಡಿದರು, ಆಮೇಲೆ ಒಂದೊಂದೇ ತಾರೀಖನ್ನು ಒತ್ತುತ್ತಾ ಹೋದರು. ನಾಲ್ಕು ಬಾರಿ ಭರ್ತಿಯಾದ ದಿನವನ್ನೇ ಒತ್ತಿದರು. ಪರದೆ ಏನನ್ನೂ ಹೇಳಲಿಲ್ಲ. "ನೆಟ್‌ವರ್ಕ್ ಇಲ್ಲವೇನೋ ಸಾರ್" ಎಂದು ಅವರು ಫೋನನ್ನು ಪಕ್ಕಕ್ಕಿಟ್ಟಾಗ ನನಗೆ ನಿಜವಾಗಿ ಸಂಕಟವಾಯಿತು. ತಪ್ಪು ವಿನ್ಯಾಸದ್ದು, ಅವರು ದೂರಿದ್ದು ನೆಟ್‌ವರ್ಕನ್ನು.

ಬಣ್ಣ ಕಾಣುವವರಿಗೂ ಇದು ಸುಲಭವಲ್ಲ. ಮಧ್ಯಾಹ್ನ ಹನ್ನೆರಡರ ಬಿಸಿಲಿನಲ್ಲಿ ಕಾಫಿ ಒಣಗಿಸುವ ಕಣದ ನಡುವೆ ನಿಂತು ಅದೇ ಪರದೆಯನ್ನು ನೋಡಿದೆ. ಎರಡು ಬಣ್ಣವೂ ಬಿಳಚಿಕೊಂಡು ಒಂದೇ ಆಗಿದ್ದವು. ನಿಮ್ಮ ಬಳಕೆದಾರರು ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಿಲ್ಲುವುದು ಅಲ್ಲೇ.

ಪರಿಹಾರಕ್ಕೆ ಬಣ್ಣ ತೆಗೆಯಬೇಕಾಗಿಲ್ಲ, ಅದರ ಜೊತೆ ಮಾತು ಸೇರಿಸಿ. ತಾರೀಖಿನ ಕೆಳಗೆ "ಇದೆ" ಅಥವಾ "ಭರ್ತಿ" ಎಂದು ಬರೆಯಿರಿ. ಭರ್ತಿಯಾದ ಮನೆಯ ಮೇಲೆ ಓರೆಗೆರೆ ಎಳೆಯಿರಿ. ಒತ್ತಿದರೆ "12ನೇ ತಾರೀಖು ಭರ್ತಿಯಾಗಿದೆ. 14ರಂದು ಜಾಗವಿದೆ" ಎಂದು ಉತ್ತರ ಬರಲಿ. ಟಾಕ್‌ಬ್ಯಾಕ್‌ಗೂ ಅದೇ ಮಾತು ಸಿಗಬೇಕು. ಈಗ ಅದು "12" ಎಂದಷ್ಟೇ ಓದುತ್ತದೆ.

ಕಾಫಿಯ ಬಗೆ ಆರಿಸುವ ನಾಲ್ಕು ಬಣ್ಣದ ಚೌಕಗಳದ್ದೂ ಇದೇ ಕಥೆ. ಎಪಿ, ಎಸಿ, ಆರ್‌ಪಿ, ಆರ್‌ಸಿ ಎಂದರೆ ನಮ್ಮ ಬೆಳೆಗಾರರಿಗೆ ನಿದ್ದೆಯಲ್ಲೂ ಗೊತ್ತು. ಆದರೆ ಬಣ್ಣದ ಅರ್ಥವನ್ನು ನೀವು ಕೊಟ್ಟಿರುವುದು ಪುಟದ ಕೊನೆಯ ಸಣ್ಣ ಅಕ್ಷರದ ಪಟ್ಟಿಯಲ್ಲಿ. "ಅರೇಬಿಕಾ ಪಾರ್ಚ್‌ಮೆಂಟ್, ಎಪಿ" ಎಂದು ಚೌಕದೊಳಗೇ ಬರೆಯಿರಿ. ಆರಿಸಿದ್ದಕ್ಕೆ ಬಣ್ಣ ಗಾಢವಾದರೆ ಸಾಲದು, ಸರಿ ಗುರುತೂ ಬೀಳಲಿ. ಚೌಕಗಳನ್ನು ಬರೀ ಚಿತ್ರವಾಗಿ ಮಾಡದೆ ನಿಜವಾದ ರೇಡಿಯೋ ಬಟನ್‌ಗಳಾಗಿ ಮಾಡಿ. ಈಗ ಟಾಕ್‌ಬ್ಯಾಕ್ ಅವುಗಳನ್ನು ದಾಟಿಕೊಂಡೇ ಹೋಗುತ್ತದೆ.

ತಪ್ಪಿನ ಸಂದೇಶಗಳು

71 ವರ್ಷದ ಬೆಳೆಗಾರರು ತೇವಾಂಶದ ಜಾಗದಲ್ಲಿ 10.5 ಎಂದು ತುಂಬಿದರು. ತಮ್ಮ ಮೀಟರ್ ತೋರಿಸಿದ್ದನ್ನೇ ಬರೆದರು, ಅದರಲ್ಲಿ ತಪ್ಪೇನೂ ಇಲ್ಲ. "ಸಲ್ಲಿಸಿ" ಒತ್ತಿದಾಗ ಮೇಲ್ತುದಿಯಲ್ಲಿ `Invalid input` ಎಂಬ ಪಟ್ಟಿ ಬಂದು ಮೂರು ಸೆಕೆಂಡಿನಲ್ಲಿ ಮಾಯವಾಯಿತು. ಅವರು ಆಗ ಪುಟದ ಕೆಳತುದಿಯಲ್ಲಿದ್ದರು, ಅದು ಕಣ್ಣಿಗೇ ಬೀಳಲಿಲ್ಲ. ತೇವಾಂಶದ ಪೆಟ್ಟಿಗೆಯ ಅಂಚು ತೆಳುವಾಗಿ ಕೆಂಪಾಗಿತ್ತು, ಅದೂ ಬರೀ ಬಣ್ಣ. ಎರಡನೆಯ ಸಲ ಒತ್ತಿದರು, ಮೂರನೆಯ ಸಲವೂ ಒತ್ತಿದರು. ಕೊನೆಗೆ ಪುಟವನ್ನು ಹೊಸದಾಗಿ ತೆರೆದಾಗ ತುಂಬಿದ್ದೆಲ್ಲ ಅಳಿಸಿಹೋಯಿತು, ಪಹಣಿಯ ಚಿತ್ರವೂ ಸೇರಿ.

ನಿಜವಾದ ಕಾರಣ ಹಿಂಬದಿಯಲ್ಲಿದೆ: ಆ ಜಾಗ ದಶಾಂಶ ಬಿಂದುವನ್ನು ಒಪ್ಪುತ್ತಿಲ್ಲ. ಒಂದು ಬಗೆಯ ಕಾಫಿಗೂ ಇನ್ನೊಂದಕ್ಕೂ ಅರ್ಧ ಶೇಕಡಾ ವ್ಯತ್ಯಾಸ ಲೆಕ್ಕಕ್ಕೆ ಬರುವ ವ್ಯವಹಾರದಲ್ಲಿ ಇದನ್ನು ಒಪ್ಪಲೇಬೇಕು. ಜೊತೆಗೆ ಕನ್ನಡ ಕೀಲಿಮಣೆಯಲ್ಲಿ ಬರುವ ೧೦.೫ ಅನ್ನೂ ಒಪ್ಪಿ. ಓದಿಕೊಂಡು 10.5 ಮಾಡಿಕೊಳ್ಳುವುದು ಯಂತ್ರದ ಕೆಲಸ, ಬೆಳೆಗಾರರದ್ದಲ್ಲ. ಇದಕ್ಕೆ `type="number"` ಬಿಟ್ಟು ಹೀಗೆ ಬರೆಯಿರಿ:

```html
<label for="moisture">ತೇವಾಂಶ, ಶೇಕಡಾ</label>
<p id="m-help">ಉದಾಹರಣೆಗೆ 10.5</p>
<input id="moisture" type="text" inputmode="decimal"
  aria-invalid="true" aria-describedby="m-help m-err">
<p id="m-err">ತೇವಾಂಶವನ್ನು ಅಂಕಿಯಲ್ಲಿ ಬರೆಯಿರಿ.</p>
```

`aria-invalid` ತಪ್ಪಿದ್ದಾಗ ಮಾತ್ರ ಇರಲಿ, ಸರಿಯಾದ ಕೂಡಲೇ ತೆಗೆಯಿರಿ. ಸಂದೇಶ ಆಯಾ ಪೆಟ್ಟಿಗೆಯ ಕೆಳಗೇ ಇರಬೇಕು, ತಾನಾಗಿ ಮಾಯವಾಗಬಾರದು. ಸಲ್ಲಿಕೆ ವಿಫಲವಾದರೆ ಕರ್ಸರ್ ಮೊದಲ ತಪ್ಪಿನ ಪೆಟ್ಟಿಗೆಗೆ ತಾನೇ ಹೋಗಲಿ. ತುಂಬಿದ್ದು ಏನೂ ಅಳಿಯದಿರಲಿ; ಪಹಣಿಯ ಚಿತ್ರವನ್ನು ಮಲೆನಾಡಿನ ಮೂಲೆಯ ನೆಟ್‌ವರ್ಕ್‌ನಲ್ಲಿ ಮತ್ತೆ ಏರಿಸುವುದು ಸಣ್ಣ ಕೆಲಸವಲ್ಲ.

ಮಾತಿನ ಧಾಟಿಯ ಬಗ್ಗೆಯೂ ಒಂದು ಕೋರಿಕೆ. ಉಳಿದ ಸಂದೇಶಗಳ ಅನುವಾದದ ಕಡತ ನೋಡಿದೆ. "ಅಮಾನ್ಯ ಮೌಲ್ಯ", "ಕ್ಷೇತ್ರ ಕಡ್ಡಾಯ" ಎಂದೆಲ್ಲ ಇದೆ. ಕನ್ನಡದಲ್ಲಿ ಕ್ಷೇತ್ರ ಎಂದರೆ ಧರ್ಮಸ್ಥಳ, ಶೃಂಗೇರಿ ನೆನಪಾಗುತ್ತವೆಯೇ ಹೊರತು ಅರ್ಜಿಯ ಪೆಟ್ಟಿಗೆಯಲ್ಲ. ಏನು ತಪ್ಪಾಗಿದೆ, ಏನು ಮಾಡಬೇಕು ಎಂದು ನೇರವಾಗಿ ಹೇಳಿ. "ಮೊಬೈಲ್ ಸಂಖ್ಯೆಯಲ್ಲಿ 9 ಅಂಕಿಗಳಿವೆ, 10 ಬೇಕು." "ಎಷ್ಟು ಮೂಟೆ ಎಂದು ಬರೆದಿಲ್ಲ." "ಪಹಣಿಯ ಚಿತ್ರ ತುಂಬಾ ದೊಡ್ಡದಾಗಿದೆ. 2 ಎಂಬಿಗಿಂತ ಕಡಿಮೆ ಇರಲಿ." ಕೌಂಟರಿನಲ್ಲಿ ಕೂತ ಒಳ್ಳೆಯ ಗುಮಾಸ್ತರು ಹೀಗೆ ಹೇಳುತ್ತಾರೆ.

ಪೆಟ್ಟಿಗೆಯ ಹೆಸರುಗಳು

ಪ್ರತಿ ಪೆಟ್ಟಿಗೆಯ ಹೆಸರನ್ನು ಪೆಟ್ಟಿಗೆಯೊಳಗೇ ಮಸುಕಾದ ಅಕ್ಷರದಲ್ಲಿ ಇಟ್ಟಿದ್ದೀರಿ. ಬರೆಯಲು ತೊಡಗಿದೊಡನೆ ಹೆಸರು ಕಾಣೆಯಾಗುತ್ತದೆ. ಬಣ್ಣ `#BDBDBD`, ಬಿಳಿಯ ಮೇಲೆ ಅದರ ವ್ಯತ್ಯಾಸ 1.88:1, ಬೇಕಾದದ್ದು 4.5:1.

ಇದರಿಂದ ಏನಾಗುತ್ತದೆ ಎಂಬುದು ಅದೇ ಹಿರಿಯರ ಅರ್ಜಿಯಲ್ಲಿ ಕಂಡಿತು. ಮೂಟೆಯ ಜಾಗದಲ್ಲಿ 11, ತೇವಾಂಶದ ಜಾಗದಲ್ಲಿ 42 ಎಂದಿತ್ತು. ಎರಡೂ ಅದಲುಬದಲು. ಮರಳಿ ಓದಿ ಸರಿಪಡಿಸೋಣವೆಂದರೆ ಪರದೆಯ ಮೇಲೆ 11 ಮತ್ತು 42 ಬಿಟ್ಟರೆ ಬೇರೇನೂ ಇಲ್ಲ. ಅರ್ಜಿ 42 ಶೇಕಡಾ ತೇವಾಂಶವನ್ನು ತಕರಾರಿಲ್ಲದೆ ಒಪ್ಪಿಕೊಂಡಿತು.

ಹೆಸರು ಪೆಟ್ಟಿಗೆಯ ಮೇಲೆ, ಕಪ್ಪು ಅಕ್ಷರದಲ್ಲಿ, ಸದಾ ಕಾಣುವಂತೆ ಇರಲಿ. ಕಡ್ಡಾಯವಾದುದಕ್ಕೆ ಕೆಂಪು ನಕ್ಷತ್ರ ಹಾಕಿದ್ದೀರಿ. ಬದಲಾಗಿ ಕಡ್ಡಾಯವಲ್ಲದ ಎರಡೇ ಪೆಟ್ಟಿಗೆಗಳಿಗೆ "ಬೇಕಿದ್ದರೆ" ಎಂದು ಬರೆಯಿರಿ. ಹೆಸರು ಪೆಟ್ಟಿಗೆಗೆ `for` ಮೂಲಕ ಜೋಡಣೆಯಾಗಲಿ, ಆಗ ಹೆಸರಿನ ಮೇಲೆ ಒತ್ತಿದರೂ ಪೆಟ್ಟಿಗೆ ತೆರೆದುಕೊಳ್ಳುತ್ತದೆ.

ಒಂದು ಸಣ್ಣ ತಿದ್ದುಪಡಿಯಿಂದ ದೊಡ್ಡ ಪ್ರಯೋಜನವಿದೆ: ಪುಟದ ಭಾಷೆ `lang="en"` ಎಂದಿದೆ, `lang="kn"` ಮಾಡಿ. ಈಗ ಇಂಗ್ಲಿಷ್ ದನಿ ಕನ್ನಡವನ್ನೆಲ್ಲ ನುಂಗಿ ಅಂಕಿಗಳನ್ನಷ್ಟೇ ಓದುತ್ತಿತ್ತು. ಲೆಕ್ಕ ಬರೆಯುವ ಆ ಮಹಿಳೆ ಹತ್ತು ನಿಮಿಷ ತಾಳ್ಮೆಯಿಂದ ಕೇಳಿ, "ಇದು ನನ್ನ ಹತ್ತಿರ ಮಾತಾಡುತ್ತಲೇ ಇಲ್ಲ" ಎಂದರು.

ಒತ್ತುವ ಜಾಗದ ಅಳತೆ

ಎಎ ಮಟ್ಟದಲ್ಲಿ ಕನಿಷ್ಠ 24×24 ಪಿಕ್ಸೆಲ್ ಬೇಕು. ಅದಕ್ಕಿಂತ ಚಿಕ್ಕದಿದ್ದರೆ ಸುತ್ತ ಸಾಕಷ್ಟು ಖಾಲಿ ಜಾಗವಿರಬೇಕು. ಪ್ರತಿ ಲಾಟ್‌ನ ಪಕ್ಕದ "ತಿದ್ದು" ಮತ್ತು "ಅಳಿಸು" ಚಿಹ್ನೆಗಳು 18×18, ನಡುವಿನ ಅಂತರ 4. ಅಂದರೆ ಎರಡರ ಕೇಂದ್ರಗಳ ನಡುವೆ 22 ಪಿಕ್ಸೆಲ್ ಮಾತ್ರ, ಆ ವಿನಾಯಿತಿಯೂ ಸಿಗುವುದಿಲ್ಲ. ಹಿರಿಯರು ತಿದ್ದಲು ಹೋಗಿ ಲಾಟ್ ಅಳಿಸಿದರು. ಖಚಿತವೇ ಎಂದು ಅರ್ಜಿ ಕೇಳಲೂ ಇಲ್ಲ.

ಕ್ಯಾಲೆಂಡರ್ ಮನೆಗಳು 32×28. ಲೆಕ್ಕದ ಪ್ರಕಾರ ತೇರ್ಗಡೆ. ಆದರೆ ನಾನು ಇದನ್ನು ಒಪ್ಪುವುದಿಲ್ಲ. ಕಸಿ ಕತ್ತರಿ, ಕುಂಟೆ ಹಿಡಿದು ದಪ್ಪಗಟ್ಟಿದ ಹೆಬ್ಬೆರಳು, ಮೇಲೆ ಕಾಫಿ ಹಣ್ಣಿನ ಅಂಟು. ಆ ಬೆರಳಿಗೆ 28 ಪಿಕ್ಸೆಲ್ ಸಾಲದು. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಎರಡೂ ಬದಿಗೆ 16 ಬಿಟ್ಟರೂ ಏಳು ಮನೆಗಳಿಗೆ ತಲಾ 46 ಸಿಗುತ್ತದೆ. ಎತ್ತರವನ್ನು 48 ಮಾಡಿ. "ಇದೆ", "ಭರ್ತಿ" ಎಂದು ಬರೆಯಲೂ ಆಗ ಜಾಗವಾಗುತ್ತದೆ. ಉಳಿದ ಬಟನ್‌ಗಳೂ 48 ಇರಲಿ. ಒಪ್ಪಿಗೆಯ ಚೌಕ ಚಿಕ್ಕದಾಗಿ ಕಂಡರೂ ಪರವಾಗಿಲ್ಲ, ಪಕ್ಕದ ಸಾಲನ್ನು ಒತ್ತಿದರೂ ಗುರುತು ಬೀಳಬೇಕು.

ಯಾವುದು ಮೊದಲು

ಕ್ಯಾಲೆಂಡರ್, ದಶಾಂಶ ಬಿಂದು, ತುಂಬಿದ್ದು ಅಳಿಯುವುದು, ಪುಟದ ಭಾಷೆ: ಈ ನಾಲ್ಕು ಸರಿಯಾಗುವವರೆಗೆ ಬಿಡುಗಡೆ ಬೇಡ. ಹೆಸರುಗಳು ಮತ್ತು ಬಟನ್ ಅಳತೆ ಅದೇ ಸುತ್ತಿನಲ್ಲಿ ಆಗುವಂಥವು. ಸಂದೇಶಗಳ ಕನ್ನಡವನ್ನು ನಾನೇ ಕೂತು ತಿದ್ದಿಕೊಡುತ್ತೇನೆ, ಕಡತ ಕಳುಹಿಸಿ.

ಒಂದು ದಿನ ತಪ್ಪಾಗಿ ಕಾಯ್ದಿರಿಸಿದರೆ ಪಿಕಪ್ ಬಾಡಿಗೆ, ಹಮಾಲಿ, ಒಂದು ದಿನದ ಕೂಲಿ ಎಲ್ಲವೂ ಬೆಳೆಗಾರರ ಜೇಬಿನಿಂದಲೇ ಹೋಗುತ್ತದೆ. ಆದ್ದರಿಂದ ಮೊಬೈಲ್ ಅರ್ಜಿ ಬಂದ ಮೇಲೂ ಮೊದಲ ಕೊಯ್ಲಿನ ಮಟ್ಟಿಗಾದರೂ ಫೋನ್ ಕರೆಯ ನೋಂದಣಿಯನ್ನು ಉಳಿಸಿಕೊಳ್ಳಿ ಎಂದು ಸಂಘಕ್ಕೂ ಪ್ರತ್ಯೇಕವಾಗಿ ಬರೆಯುತ್ತಿದ್ದೇನೆ.

ನಾಲ್ಕನೆಯ ಕರಡು ಸಿದ್ಧವಾದಾಗ ಇದೇ ಮೂವರ ಜೊತೆ ಮತ್ತೆ ಪರೀಕ್ಷಿಸುತ್ತೇನೆ. ಮೂವರೂ ಬರಲು ಒಪ್ಪಿದ್ದಾರೆ. ನಿಮ್ಮಲ್ಲಿ ಒಬ್ಬರಾದರೂ ಅಂದು ಆಲ್ದೂರಿನ ಆ ಕಣಕ್ಕೆ ಬನ್ನಿ, ಮಧ್ಯಾಹ್ನದ ಹೊತ್ತಿಗೇ ಬನ್ನಿ.